ಸುಲ್ಮಾ ಆಡಿದ ಮಾತು

ಮಾಂಟೆವಿಡಿಯೋದ ಆ ಪುಟ್ಟ ರಂಗಮಂದಿರ ಮಧ್ಯಾಹ್ನದಲ್ಲಿ ಮಲಗಿದ ಪ್ರಾಣಿಯ ಹಾಗೆ ಉಸಿರಾಡುತ್ತಿತ್ತು. ನದಿಯ ಕಡೆಯ ಗಾಳಿ ಪರದೆಯ ಹೊಟ್ಟೆ ಉಬ್ಬಿಸುವುದು, ಮತ್ತೆ ಸುಮ್ಮನೆ ಬಿಡುವುದು. ವೇದಿಕೆಯ ಮಧ್ಯದ ಮೇಜಿನ ಮುಂದೆ ನಾಟಕ ಬರೆದ ವಾಲ್ಕಿರಿಯಾ ಕೂತಿದ್ದಳು, ಕೈಯಲ್ಲಿ ತಾಲೀಮಿನ ಹಸ್ತಪ್ರತಿ. ಎದುರಿಗೆ ಕರಡು ತಿದ್ದುವ ಹುಡುಗ ಲಿಸಾಂದ್ರೋ. ಅವನ ಮುಂದೆ ಅಚ್ಚುಕೂಟದಿಂದ ಬಂದ ಕರಡು, ಕೆಂಪು ಪೆನ್ಸಿಲ್ಲು; ಮೇಜಿನ ತುದಿಯಲ್ಲಿ ತಿಂಡಿಗೆ ತಂದ ಬ್ರೆಡ್ಡು. ನಾಳೆ ಪುಸ್ತಕ ಅಚ್ಚಿಗೆ ಹೋಗಬೇಕು.

ಅವಳು ಓದುವಳು, ಇವನು ಕಣ್ಣಾಡಿಸುವನು. ಬರೀ ಮಾತಲ್ಲ, ವಿರಾಮಚಿಹ್ನೆಯನ್ನೂ ಓದಬೇಕು.

"ದೃಶ್ಯ ಮೂರು, ಚುಕ್ಕಿ. ಅಡುಗೆಮನೆ, ಚುಕ್ಕಿ. ಸಂಜೆ, ಚುಕ್ಕಿ. ಕಂಸ ತೆರೆ, ತಾಯಿ ಕುರ್ಚಿಯಲ್ಲೇ ಕಣ್ಣು ಮುಚ್ಚುತ್ತಾಳೆ, ಚುಕ್ಕಿ, ಕಂಸ ಮುಚ್ಚು."

"ಇಲ್ಲಿ ಚುಕ್ಕಿ ಕಂಸದ ಹೊರಗೆ ಬಿದ್ದಿದೆ," ಎಂದ ಲಿಸಾಂದ್ರೋ.

"ಒಳಗೆ ಹಾಕು ಮಗಾ. ಬೇರೆ ಸಾಲಲ್ಲಿ ಒಂಟಿಯಾಗಿ ನಿಂತಿರೋ ಸೂಚನೆ, ಅದರ ಚುಕ್ಕಿ ಅದರ ಮನೆಯೊಳಗೇ ಇರ್ಬೇಕು. ಮಾತಿನ ನಡುವೆ ಬಂದ್ರೆ ಚುಕ್ಕಿನೇ ಬೇಡ."

ಪೆನ್ಸಿಲ್ಲು ಓಡಿತು. 'ನಾಲ್ಕನೆಯ ದೃಶ್ಯ, ರಾತ್ರಿ' ಎಂದು ಬೇರೆ ವೇಷದಲ್ಲಿ ಬಂದ ಶೀರ್ಷಿಕೆಯನ್ನು ಹೊಡೆದು, ಉಳಿದವುಗಳ ಹಾಗೆ 'ದೃಶ್ಯ ೪. ಅಡುಗೆಮನೆ. ರಾತ್ರಿ.' ಎಂದು ಬರೆದ. ಮುಂದೆ ಏನಿದೆ ಎಂದು ಅವನಿಗೆ ಗೊತ್ತಿತ್ತು.

ವಾಲ್ಕಿರಿಯಾ ಮುಂದಕ್ಕೆ ಓದಿದಳು. "ಸುಲ್ಮಾ, ಎರಡು ಚುಕ್ಕಿ. ಬ್ರೆಡ್ಡು ಮುಚ್ಚಿಡೋ, ಇರುವೆ ಬರುತ್ತೆ, ಚುಕ್ಕಿ." ಕನ್ನಡಕ ತೆಗೆದಳು. "ಇದು ಕರಡಲ್ಲೂ ಹಾಗೇ ಇದೆಯಾ?"

"ಇದೆ."

"ಮೂರು ಸಲ ನೋಡ್ದೆ ಅಂದ್ಯಲ್ಲ. ಪಾತ್ರಗಳ ಪಟ್ಟೀಲಿ ಸುಲ್ಮಾ ಅಂತ ಯಾರಿದಾರೆ?"

"ಕಾಣ್ತು. ಬಿಟ್ಟೆ."

ಸುಲ್ಮಾ ಅವನ ಚಿಕ್ಕಮ್ಮ. ಶಾಲೆ ಬಿಟ್ಟು ಬೀದಿಯಲ್ಲಿ ಕೈಕೈ ಮಿಲಾಯಿಸುತ್ತಿದ್ದವನನ್ನು ಕಿವಿ ಹಿಡಿದು ಇಲ್ಲಿಗೆ ಎಳೆತಂದವಳು. ತಾಯಿಯ ಪಾತ್ರ ಅವಳದೇ. ಒಂದು ತಾಲೀಮಿನಲ್ಲಿ, ಮೂರನೇ ದೃಶ್ಯದಲ್ಲಿ ಸತ್ತು ಪಕ್ಕಕ್ಕೆ ಸರಿದಿದ್ದವಳು, ಮೇಜಿನ ಮೇಲೆ ನಿಜವಾದ ಬ್ರೆಡ್ಡು ತೆರೆದೇ ಇರುವುದನ್ನು ಕಂಡು ಪರದೆಯ ಹಿಂದಿನಿಂದ ಗದರಿದ್ದಳು. ಮಗನಾಗಿದ್ದ ನಟ ಬೆಚ್ಚಿ, "ಆಯ್ತಮ್ಮಾ, ಮುಚ್ಚಿದೆ," ಎಂದುಬಿಟ್ಟ. ಕೂತಿದ್ದವರ ಉಸಿರೇ ನಿಂತಿತ್ತು. ನಟರಿಗೆ ಮಾತು ನೆನಪಿಸುವ ಸೂಚಕ ಆಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ; ಪಾತ್ರದ ಹೆಸರಿನ ಬದಲು ನಟಿಯ ಹೆಸರನ್ನೇ ಗೀಚಿದ, ಆ ಪ್ರತಿಯೇ ಅಚ್ಚುಕೂಟಕ್ಕೂ ಹೋಯಿತು. ಹೋದ ಚಳಿಗಾಲ ಸುಲ್ಮಾ ನಿಜವಾಗಿಯೂ ಸತ್ತಳು.

"ತೆಗೆದುಬಿಡೋಣ," ಎಂದಳು ವಾಲ್ಕಿರಿಯಾ. "ತಾಲೀಮಿನ ಗಲಾಟೆ ಅದು. ಪುಸ್ತಕಕ್ಕೆ ಯಾಕೆ?"

ಲಿಸಾಂದ್ರೋ ಮೇಜು ಗುದ್ದಿದ. ಮಾತೆ ಎಂಬ ಚಹಾದ ಸೋರೆಬುರುಡೆ ಉರುಳಿ ಎಲೆಯೆಲ್ಲ ಚೆಲ್ಲಿತು. "ತೆಗೀರಿ ದೋನ್ಯಾ ವಾಲ್ಕಿರಿಯಾ, ತೆಗೀರಿ! ಒಂದ್ಸಲ ಮಣ್ಣು ಹಾಕಿದ್ದು ಸಾಲ್ಲಿಲ್ವಾ? ನಿಮ್ಮ ಕಂಸ, ನಿಮ್ಮ ಚುಕ್ಕಿ! ಒಂದು ಹೆಸರು ತಪ್ಪಾಗಿ ಉಳಿದ್ರೆ ಊರು ಮುಳುಗುತ್ತಾ?"

"ಕೂಗ್ಬೇಡ, ಕಾಲ್ಚೆಂಡಾಟದ ಮೈದಾನ ಅಲ್ಲ ಇದು. ಎಲೆ ಬಳಿ."

ಅವನು ಬಳಿದ. ಕಣ್ಣು ಉರಿಯುತ್ತಿತ್ತು.

"ಸರಿ. ಆ ಸಾಲಿಲ್ಲದೆ ಓದ್ತೀನಿ, ಕೇಳು," ಎಂದಳು ವಾಲ್ಕಿರಿಯಾ. "ಕಂಸ ತೆರೆ, ಮಗ ಒಬ್ಬನೇ, ಚುಕ್ಕಿ, ಕಂಸ ಮುಚ್ಚು. ಮಗ, ಎರಡು ಚುಕ್ಕಿ. ಆಯ್ತಮ್ಮಾ, ಮುಚ್ಚಿದೆ..."

ಅಲ್ಲೇ ಓದು ನಿಲ್ಲಿಸಿದಳು. ಪರದೆ ಉಬ್ಬಿತು, ಇಳಿಯಿತು. ಯಾರಿಗೆ ಉತ್ತರ ಕೊಟ್ಟ ಆ ಮಗ? ಖಾಲಿ ಕುರ್ಚಿಗಳ ಸಾಲು ಕತ್ತು ಚಾಚಿ ಕೇಳುತ್ತಿರುವ ಹಾಗಿತ್ತು. ಎಲ್ಲೋ ಸುಟ್ಟ ಬ್ರೆಡ್ಡಿನ ವಾಸನೆ ಬಂದಂತಾಯಿತು. ಬೀದಿಯದೋ, ಪರದೆಯ ಹಿಂದಿನದೋ, ಲಿಸಾಂದ್ರೋಗೆ ತಿಳಿಯಲಿಲ್ಲ.

"ತೆಗೆಯೋ ಹಾಗಿಲ್ಲ," ವಾಲ್ಕಿರಿಯಾಳ ದನಿ ಇಳಿದಿತ್ತು. "ನಂದೇ ತಪ್ಪು."

"ಹಾಗಾದ್ರೆ ಹೆಸರು ಇರ್ಲಿ."

"ಇದ್ರೆ ಏನಾಗುತ್ತೆ ಹೇಳು. ನಾಳೆ ಸಾಲ್ತೋದಲ್ಲೋ ಪಾಯ್ಸಾಂದೂದಲ್ಲೋ ಯಾವುದೋ ತಂಡ ಈ ಪುಸ್ತಕ ಹಿಡ್ಕೊಂಡು ಆಡ್ತಾರೆ. ಸುಲ್ಮಾ ಯಾರು ಅಂತ ಪಟ್ಟಿ ನೋಡ್ತಾರೆ, ಇಲ್ಲ. ಅಚ್ಚಿನ ತಪ್ಪು ಅಂತ ಹೊಡೆದು ಹಾಕ್ತಾರೆ. ಅವಳನ್ನ ಉಳಿಸ್ತೀನಿ ಅಂತ ನೀನೇ ಕಳೀತಿದ್ದೀಯ, ಪೆದ್ದಾ."

"ತಾಯಿ ಅಂತ ಹಾಕಿದ್ರೆ? ಸತ್ತವಳು ಮಾತಾಡ್ತಾಳೆ ಅಂತ ನಗಲ್ವಾ?"

"ನಾವು ನಕ್ವಾ ಅವತ್ತು?"

ಕಾಣದ ಊರುಗಳು ಲಿಸಾಂದ್ರೋನ ಕಣ್ಣಮುಂದೆ ತೇಲಿದವು. ಯಾವುದೋ ಊರಿನ ಪರದೆಯ ಹಿಂದೆ ಗುರುತಿಲ್ಲದ ಹೆಂಗಸೊಬ್ಬಳು ಕತ್ತಲಲ್ಲಿ ಕಾಯುತ್ತಾ ನಿಂತಿದ್ದಾಳೆ, ಸರಿಯಾದ ಹೊತ್ತಿಗೆ ಗದರುವುದಕ್ಕೆ. ಅವಳಾದ ಮೇಲೆ ಇನ್ನೊಬ್ಬಳು. ಎಲ್ಲರ ಬಾಯಲ್ಲೂ ಚಿಕ್ಕಮ್ಮನದೇ ಸಿಡುಕು.

ಪೆನ್ಸಿಲ್ಲು ಎತ್ತಿಕೊಂಡ. 'ಸುಲ್ಮಾ' ಎಂಬುದರ ಮೇಲೆ ಗೆರೆ ಎಳೆಯುವಾಗ, ಹಾಳಾಗಿ ಹೋಗಲಿ ಈ ಕೆಲಸ, ಎಂದು ಗೊಣಗಿದ. ಅಂಚಿನಲ್ಲಿ ದುಂಡಗೆ ಬರೆದ: ತಾಯಿ (ಒಳಗಿನಿಂದ).

"ಇದಕ್ಕೆ ಚುಕ್ಕಿ ಬೇಡ ಅಲ್ವಾ?"

"ಬೇಡ. ಅವಳದಿನ್ನೂ ಮುಗಿದಿಲ್ಲ," ಎಂದು ವಾಲ್ಕಿರಿಯಾ ಕನ್ನಡಕ ಏರಿಸಿಕೊಂಡು ಮುಂದಿನ ಸಾಲು ಓದತೊಡಗಿದಳು.

ಲಿಸಾಂದ್ರೋ ಎದ್ದು, ಮೇಜಿನ ತುದಿಯಲ್ಲಿದ್ದ ಬ್ರೆಡ್ಡಿನ ಮೇಲೆ ಬಟ್ಟೆ ಮುಚ್ಚಿ, ಬಂದು ಕೂತ.