ಎರಡು ನವಮಿ

ಬಸ್ಸಿಳಿದು ಬಂದು ಸೆರಗಿನ ಧೂಳನ್ನೂ ಕೊಡವದೆ ವೆಂಕಟರತ್ನಮ್ಮ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ಚಾಪೆಯ ಮೇಲೆ ಹಾಕಿದರು.

"ಇದನ್ನ ನಂಬಿಕೊಂಡು ನಾಡಿದ್ದು ಮಾಡ್ತೀನಿ ಅಂತ ಹೇಳಿ ಕಳಿಸ್ದೇನೋ? ನಿಮ್ಮಪ್ಪನ ತಿಥಿ ನಾಳೆ ಕಣೋ, ಶನಿವಾರ!"

ಚಲಪತಿ ಆಗ ತಾನೇ ಆಫೀಸಿನಿಂದ ಬಂದು ಶರಟಿನ ಗುಂಡಿ ಬಿಚ್ಚುತ್ತಿದ್ದ. ಅರ್ಧ ಬಿಚ್ಚಿದ್ದವನು ಹಾಗೇ ನಿಂತ. ಅವನ ಹೆಂಡತಿ ಶ್ಯಾಮಲ ಒಳಗಿನಿಂದ ನೀರಿನ ಚೊಂಬು ತಂದವಳು ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಚೊಂಬನ್ನು ಇಬ್ಬರ ನಡುವೆ ಇಟ್ಟಳು.

"ನಂಬದೆ ಏನಮ್ಮ? ನೋಡು." ಅವನು ಬಗ್ಗಿ ಬೆರಳಿಟ್ಟ. "ಶನಿವಾರದ ಮನೇಲಿ ಬಹುಳ ನವಮಿ. ಭಾನುವಾರದ ಮನೇಲೂ ನವಮಿ. ಎರಡು ದಿನ ಇದೆ. ಭಾನುವಾರ ನಂಗೆ ರಜ. ಅವತ್ತು ಮಾಡಿದ್ರೆ ಅಪ್ಪ ಬೇಡ ಅಂತಾನಾ?"

"ನಮ್ಮ ಜಂಗಮಕೋಟೆ ಜೋಯಿಸ್ರು ಶನಿವಾರ ಅಂತ ಹೇಳಿದ್ರು."

"ಅಣ್ಣ ಹೇಳಿಸಿದ್ದು."

ವೆಂಕಟರತ್ನಮ್ಮ ನೀರು ಕುಡಿದರು. ಬೆಳಗಿನಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಅಂತ ಬಸ್ಸು ಹತ್ತಿ ಇಳಿದು ಗೌರಿಬಿದನೂರಿಗೆ ಬಂದವರಿಗೆ ಆ ನೀರೂ ಒಗರಾಗಿತ್ತು. ಅವರು ಬಂದದ್ದು ಜಗಳಕ್ಕಲ್ಲ. ನಾಳೆ ಗಂಡ ಬಯ್ಯಪ್ಪನ ಎಡೆಯ ಮುಂದೆ ಇಬ್ಬರು ಮಕ್ಕಳೂ ಒಟ್ಟಿಗೆ ಮೊಣಕಾಲೂರಿ ಕೂರಬೇಕು, ಆಮೇಲೆ ಒಂದೇ ಸಾಲಿನಲ್ಲಿ ಎಲೆ ಹಾಕಿಸಿಕೊಳ್ಳಬೇಕು. ಅಷ್ಟೇ. ಅದು ತಪ್ಪಿ ಎರಡು ವರ್ಷವಾಗಿತ್ತು.

ತಪ್ಪಿಸಿದ್ದೂ ಈ ನವಮಿಯೇ. ಎರಡು ವರ್ಷದ ಹಿಂದೆ ಕ್ಯಾಲೆಂಡರಿನಲ್ಲಿ ನವಮಿಯೇ ಇರಲಿಲ್ಲ. ಮಂಗಳವಾರದ ಮನೆಯಲ್ಲಿ ಅಷ್ಟಮಿ, ಬುಧವಾರದ ಮನೆಯಲ್ಲಿ ದಶಮಿ. ನಡುವಿನದನ್ನು ಯಾರೋ ಎತ್ತಿಕೊಂಡು ಹೋದ ಹಾಗೆ. ದೊಡ್ಡವನು ಮುನಿವೆಂಕಟಪ್ಪ ಯಾರನ್ನೂ ಕೇಳಲಿಲ್ಲ. ಅಷ್ಟಮಿ ಆದ ಮಾರನೇ ದಿನ ತಾನೇ ನಮ್ಮಪ್ಪಂದು ಎಂದು ಬುಧವಾರಕ್ಕೆ ಎಡೆ ಗೊತ್ತು ಮಾಡಿದ. ಇಲ್ಲಿನ ಜೋಯಿಸರನ್ನು ಕೇಳಿಕೊಂಡು ಸೋಮವಾರವೇ ಊರಿಗೆ ಬಂದಿದ್ದ ಚಲಪತಿ ಮಂಗಳವಾರ ಮಧ್ಯಾಹ್ನ ಅಂತ ಹಟ ಹಿಡಿದ. ರೇಷ್ಮೆ ಹುಳದ ಮನೆಯಲ್ಲಿ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ ಅಣ್ಣ ತಲೆ ಎತ್ತದೆ, "ಓದಿದೋರೆಲ್ಲ ಪಂಚಾಂಗ ಬರೆಯೋಕೆ ಶುರು ಮಾಡಿದ್ರೆ ಜೋಯಿಸ್ರು ಸೊಪ್ಪು ಕುಯ್ಯೋಕೆ ಹೋಗ್ಬೇಕು" ಅಂದ. ಕೆಲಸದವರು ನಕ್ಕರು. ಆ ನಗೆ ಹೊತ್ತುಕೊಂಡು ಚಲಪತಿ ರಾತ್ರೋರಾತ್ರಿ ಗೌರಿಬಿದನೂರಿಗೆ ವಾಪಸಾಗಿ ಮಂಗಳವಾರ ತಾನೊಬ್ಬನೇ ಮಾಡಿದ. ಹೋದ ವರ್ಷ ತಿಥಿ ನೆಟ್ಟಗೆ ಬಂದರೂ ಇವನು ಹೋಗಲಿಲ್ಲ, ಅವನು ಕರೆಯಲಿಲ್ಲ.

"ಏಳು," ಎಂದರು ವೆಂಕಟರತ್ನಮ್ಮ. "ನಿಮ್ಮೂರ ಜೋಯಿಸ್ರನ್ನೇ ಕೇಳಣ. ಅವತ್ತು ನಿಂಗೆ ಮಂಗಳವಾರ ಅಂತ ಹೇಳಿದೋರು ಅವರೇ ತಾನೆ? ಅವರು ಭಾನುವಾರ ಅಂದ್ರೆ ಮುನಿಗೆ ನಾನು ಹೇಳ್ತೀನಿ. ಶನಿವಾರ ಅಂದ್ರೆ ನೀನು ಬರ್ಬೇಕು."

ಚಲಪತಿ ಬಿಚ್ಚಿದ ಗುಂಡಿಗಳನ್ನು ಮತ್ತೆ ಹಾಕಿಕೊಂಡ.

ಜೋಯಿಸರು ಜಗಲಿಯ ಮೇಲೆ ಕುಳಿತು ನಶ್ಯ ಏರಿಸುತ್ತಿದ್ದರು. ವಿಷಯ ಕೇಳಿ ಪಂಚಾಂಗ ತೆರೆದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ಏಮ್ಮಾ, ನೀವು ಕ್ಯಾಲೆಂಡರ್ ನೋಡೋ ಜನ. ಅದ್ರಲ್ಲಿ ಬರೆಯೋದು ಸೂರ್ಯ ಹುಟ್ಟೋವಾಗ ಯಾವ ತಿಥಿ ಇರ್ತದೋ ಅದೊಂದೇ. ನಾಳೆ ಸೂರ್ಯ ಹುಟ್ಟೋಕೆ ಸ್ವಲ್ಪ ಮುಂಚೆ ನವಮಿ ಹತ್ತುತ್ತೆ. ಶನಿವಾರ ಹಗಲು ರಾತ್ರಿ ಪೂರ್ತಿ ಅದೇ. ಭಾನುವಾರ ಸೂರ್ಯ ಹುಟ್ಟಿ, ನೀವು ಹಾಲು ಕರೆದು ಕಾಯಿಸೋವಷ್ಟರಲ್ಲಿ ಮುಗೀತು. ಎರಡು ಸೂರ್ಯೋದಯ ನೋಡ್ತಲ್ಲ, ಅದಕ್ಕೆ ಎರಡು ಮನೇಲೂ ಹೆಸರು. ಆದ್ರೆ ಪಿತೃಗಳಿಗೆ ಬೆಳಗಿನ ಲೆಕ್ಕ ಇಲ್ಲ. ಅಪರಾಹ್ನ, ಅಂದ್ರೆ ಹೊತ್ತು ನೆತ್ತಿ ಬಿಟ್ಟು ಪಡುವಣಕ್ಕೆ ವಾಲಿದಾಗ, ಯಾವ ದಿನ ಆ ತಿಥಿ ಇರ್ತದೋ ಆ ದಿನ. ಭಾನುವಾರ ಮಧ್ಯಾಹ್ನ ಇರೋದು ದಶಮಿ."

"ಅವತ್ತು, ನವಮಿ ಇಲ್ಲದ ವರ್ಷ?" ಚಲಪತಿ ಕೇಳಿದ. ಉತ್ತರ ಗೊತ್ತಿದ್ದೂ ಅಮ್ಮನ ಕಿವಿಗೆ ಬೀಳಲಿ ಎಂದು ಕೇಳಿದ.

"ಇಲ್ಲದೆ ಎಲ್ಲಿಗೆ ಹೋಗ್ತದಪ್ಪ? ಮಂಗಳವಾರ ಸೂರ್ಯ ಹುಟ್ಟಿದ ಮೇಲೆ ಬಂದು, ಬುಧವಾರ ಸೂರ್ಯ ಹುಟ್ಟೋಕೆ ಮುಂಚೆ ಹೋಯ್ತು. ಯಾವ ಬೆಳಗಿಗೂ ಸಿಕ್ಕಲಿಲ್ಲ, ಹೆಸರು ಬಿಟ್ಟು ಹೋಯ್ತು. ಆದ್ರೆ ಮಂಗಳವಾರ ಮಧ್ಯಾಹ್ನ ಇತ್ತಲ್ಲ. ನೀನು ಮಾಡಿದ್ದು ಸರಿ."

ದಾರಿಯಲ್ಲಿ ವೆಂಕಟರತ್ನಮ್ಮನಿಗೆ ಕಾಲು ಹಗುರವಾಗಿತ್ತು. ಅವತ್ತು ಚಿಕ್ಕವನು ಸರಿ, ಇವತ್ತು ದೊಡ್ಡವನು ಸರಿ. ಇದಕ್ಕಿಂತ ಸಮನಾದ ಪಾಲು ಯಾವ ಪಂಚಾಯಿತಿ ಮಾಡೀತು? ಮೊದಲ ಬಸ್ಸಿಗೆ ಹೊರಟರೆ ಮಧ್ಯಾಹ್ನದೊಳಗೆ ಜಂಗಮಕೋಟೆ. ಹೊಲದಲ್ಲಿ ಸೊಗಡವರೆ ಬಲಿತಿದೆ, ಬಯ್ಯಪ್ಪನಿಗೆ ಅವರೆಬೇಳೆ ಸಾರು ಅಂದರೆ ಪ್ರಾಣ. ಸೊಸೆಯಂದಿರಿಬ್ಬರೂ ಕೂತು ಸುಲಿದರೆ...

"ನಾಳೆ ಮಾಡ್ತೀನಮ್ಮ," ಚಲಪತಿ ಅಂದ. "ಶನಿವಾರವೇ. ಆಯ್ತಾ?"

"ಬೆಳಿಗ್ಗೆ ಎಷ್ಟೊತ್ತಿಗೆ ಏಳ್ಬೇಕು?"

"ಏಳೋದ್ಯಾಕೆ? ಇಲ್ಲೇ ಮಾಡ್ತೀನಿ. ನಾಳೆ ಆಫೀಸು ಅರ್ಧ ದಿನ. ಮನೆಗೆ ಬಂದು ಸ್ನಾನ ಮಾಡೋ ಹೊತ್ತಿಗೆ ಸರಿಯಾಗಿ ಅಪರಾಹ್ನ."

ವೆಂಕಟರತ್ನಮ್ಮ ನಿಂತುಬಿಟ್ಟರು. ಪಕ್ಕದ ಅಂಗಡಿಯವನು ಕಡಲೆಕಾಯಿ ಮೂಟೆಯ ಬಾಯಿ ಹೊಲಿಯುತ್ತಿದ್ದ. ಅವನ ಸೂಜಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಬರುವುದನ್ನೇ ಸ್ವಲ್ಪ ಹೊತ್ತು ನೋಡಿದರು.

"ಒಂದು ದಿನ ರಜ ಹಾಕೋ."

"ಹಾಕ್ಬಹುದು."

"ಮತ್ತೆ?"

"ಅವನು ಕರೆದ್ನಾ?" ಚಲಪತಿಯ ದನಿ ಏರಲಿಲ್ಲ. ಅದೇ ಅಮ್ಮನಿಗೆ ಕಷ್ಟವಾಯಿತು. "ನೀನು ಬಂದೆ. ಅವನು ಬಂದ್ನಾ? ಅವತ್ತು ಹುಳದ ಮನೇಲಿ ಆಳುಗಳ ಮುಂದೆ ಆಡಿದ ಮಾತನ್ನ ವಾಪಸ್ ತಗೊಂಡ್ನಾ? ತಿಥಿ ಸರಿ ಮಾಡ್ಕೊಂಡೆ, ಅಮ್ಮ. ಅಪ್ಪನಿಗೆ ಏನು ಮಾಡ್ಬೇಕೋ ಅದರಲ್ಲಿ ಲೋಪ ಮಾಡಲ್ಲ. ಅಣ್ಣನ ಮನೆ ಮೆಟ್ಟಿಲು ಮಾತ್ರ ಹತ್ತಲ್ಲ."

ಎರಡು ವರ್ಷ ವೆಂಕಟರತ್ನಮ್ಮ ಕ್ಯಾಲೆಂಡರನ್ನು ಬೈದಿದ್ದರು, ಚಂದ್ರನನ್ನು ಬೈದಿದ್ದರು. ಮಾಯವಾದ ನವಮಿಯೇ ಮನೆ ಒಡೆಯಿತು ಎಂದು ಬಾವಿಕಟ್ಟೆಯಲ್ಲಿ ಹೇಳಿಕೊಂಡು ಅತ್ತಿದ್ದರು. ಈಗ ತಿಥಿಯ ಗಂಟು ಬಿಚ್ಚಿ ಕೈಗೆ ಬಂದಿತ್ತು, ಒಳಗೆ ಇನ್ನೊಂದು ಗಂಟಿತ್ತು. ಬೆಳಿಗ್ಗೆ ಹೊರಡುವಾಗ ಮುನಿವೆಂಕಟಪ್ಪ ಹೇಳಿದ್ದೂ ನೆನಪಾಯಿತು: "ಬಂದ್ರೆ ಬರ್ಲಿ. ನಾನೇನು ಬಾಗಿಲು ಹಾಕಿದೀನಾ?" ಹಾಕಿರಲಿಲ್ಲ, ನಿಜ. ತೆರೆದೂ ಇರಲಿಲ್ಲ.

ಮನೆಗೆ ಬಂದಾಗ ಶ್ಯಾಮಲ ಕ್ಯಾಲೆಂಡರನ್ನು ಮೊಳೆಗೆ ನೇತು ಹಾಕಿದ್ದಳು. ಗಂಡ ಹೇಳಿದ್ದನ್ನು ಕೇಳಿಸಿಕೊಂಡು ಅವಳ ಮುಖ ಅರಳಿತು.

"ಹಂಗಾದ್ರೆ ನೀವೂ ಇಲ್ಲೇ ಇರಿ ಅತ್ತೆ. ಮಾವನ ಎಡೆಗೆ ನೀವೇ ನಿಂತು ಹೇಳ್ಕೊಡಿ. ಅಲ್ಲಿ ಅಕ್ಕ ಇದಾರೆ, ನೋಡ್ಕೋತಾರೆ."

"ಹೌದಮ್ಮ," ಎಂದ ಚಲಪತಿ. ಈಗ ಅವನ ದನಿ ಮೆತ್ತಗಾಗಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೀಗೇ ಮಾತಾಡುತ್ತಿದ್ದ. "ಎರಡು ವರ್ಷ ಅವನ ಮನೇಲಿ ಉಂಡೆ. ಈ ವರ್ಷ ನನ್ನ ಮನೇಲಿ ಉಣ್ಣು. ಮೊದಲನೇ ಎಲೆ ನಿಂಗೇ ಹಾಕ್ತೀನಿ. ಆಯ್ತಾ?"

ವೆಂಕಟರತ್ನಮ್ಮ ಗೋಡೆಗೆ ಒರಗಿಸಿದ್ದ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ನಿಮ್ಮಪ್ಪ ಸತ್ತಿದ್ದು ಒಂದು ಸಲ ಕಣೋ," ಎಂದರು. "ಒಂದೇ ಹೊತ್ತಿಗೆ ಎರಡು ಊರಲ್ಲಿ ಎಡೆ ಇಟ್ಟು, ಎಲ್ಲಿಗಾದ್ರೂ ಹೋಗು ಅಂತ ಅವರನ್ನ ಬೀದೀಲಿ ನಿಲ್ಲಿಸ್ತೀರಲ್ಲ. ಬೆಳಿಗ್ಗೆ ಬಸ್ಸಿಗೆ ಹೋಗಿ ಮುನಿಗೂ ಇದೇ ಹೇಳ್ತೀನಿ. ಅವನ ಎಲೇನೂ ಬೇಡ."

"ನನ್ನ ಮಾತಿಗೆ ಉತ್ತರ ಹೇಳಮ್ಮ. ಇಲ್ಲಿ ಉಣ್ತೀಯಾ?"

"ಉಣ್ಣಲ್ಲ."