ಹೆಸರು ಹೊತ್ತ ಅಕ್ಷರಗಳು

ಉಯ್ಯಂಬಳ್ಳಿಯ ಆಚೆ, ಕಾಡಿನಂಚಿನಲ್ಲಿ ಜೇನು, ಗೆಡ್ಡೆ ನಂಬಿ ಬದುಕುವ ಇರುಳಿಗರ ಪುಟ್ಟ ಹಟ್ಟಿ, ಜನರ ಬಾಯಲ್ಲಿ ದೊಡ್ಡಿ. ಅಲ್ಲಿಯ ಮಾತಿಗೆ ಲಿಪಿ ಇರಲಿಲ್ಲ. ನಾನು ಬಿ.ಎ. ಮುಗಿಸಿ ಕಾನಕಾನಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದೆ. ಊರಿಗೆ ಕನಕಪುರವೆಂಬ ಹೆಸರು ಆಮೇಲೆ ಬಂತು. ದೊಡ್ಡಿಯ ನಾಲ್ಕು ಮಕ್ಕಳು ಉಯ್ಯಂಬಳ್ಳಿಯ ಶಾಲೆಗೆ ಸೇರಿ ವಾರದೊಳಗೆ ಬಿಟ್ಟಿದ್ದರು. ಅವರು ಬಾಯಿ ತೆರೆದಾಗಲೆಲ್ಲ ಉಳಿದವರು ಹಕ್ಕಿಯಂತೆ ಕೂಗಿ ಅಣಕಿಸುತ್ತಿದ್ದರಂತೆ. ಇದನ್ನು ನನಗೆ ಹೇಳಿದವಳು ಕೆಂಚಮ್ಮ. ಜೇನು ಮಾರಲು ಸಂತೆಗೆ ಬರುತ್ತಿದ್ದ ಮುದುಕಿ. ಆ ನಾಲ್ವರಲ್ಲಿ ಒಬ್ಬಳು ಅವಳ ಮೊಮ್ಮಗಳು.

"ನಮ್ಮ ಮಾತ್ನೂ ಬರಿಯಕ್ಕಾಯ್ತದಾ ಬುದ್ದಿ?" ಎಂದು ಕೇಳಿದಳು.

ಆಗುತ್ತದೆ ಎಂದೆ. ಶಾಲಾ ತನಿಖೆಯ ಸಾಹೇಬರನ್ನು ಕಂಡು, ದೊಡ್ಡಿಯ ಮಕ್ಕಳಿಗೆ ಅವರ ಮಾತಿನಲ್ಲೇ ಕಲಿಸಬಹುದೇ ಎಂದು ಕೇಳಿದೆ. ಅವರು ನಕ್ಕು, ದೀಪಾವಳಿಯೊಳಗೆ ಹತ್ತು ಮಕ್ಕಳು ತಮ್ಮ ಮಾತಿನ ಪುಸ್ತಕವನ್ನು ಎದುರಿಗೆ ಓದಿ ತೋರಿಸಿದರೆ ದೊಡ್ಡಿಗೇ ಒಂದು ಶಾಲೆ ಬರೆದುಕೊಡುತ್ತೇನೆ ಎಂದರು. ಅದು ೧೯೧೮ನೆಯ ಇಸವಿ, ಚೈತ್ರಮಾಸ.

ಪ್ರತಿ ಶನಿವಾರ ನಡೆದು ಹೋಗಿ ಕೆಂಚಮ್ಮನ ಗುಡಿಸಿಲ ಮುಂದೆ ಕೂರುತ್ತಿದ್ದೆ. ಅವಳು ಹೇಳುವುದು, ನಾನು ಬರೆದುಕೊಂಡು ಓದುವುದು, ಮಕ್ಕಳು ನಗುವುದು. ಹೊಸ ಲಿಪಿ ಕಟ್ಟುವ ಆಸೆಯನ್ನು ಮೊದಲ ತಿಂಗಳೇ ಬಿಟ್ಟೆ. ಈ ಮಕ್ಕಳು ಮುಂದೆ ಕನ್ನಡವನ್ನೂ ಓದಬೇಕು, ಆದ್ದರಿಂದ ಕನ್ನಡದ ಅಕ್ಷರಗಳೇ ಸರಿ. ಖ, ಘ, ಛ ಮುಂತಾದ ಮಹಾಪ್ರಾಣಗಳು ಅವರ ಬಾಯಲ್ಲಿ ಇರಲಿಲ್ಲ. ಋ, ಷ, ವಿಸರ್ಗ ಕೂಡ. ಅವನ್ನೆಲ್ಲ ತೆಗೆದೆ. ಮಾಗಡಿ ಕಡೆಯ ದೊಡ್ಡಿಗಳಲ್ಲಿ ಕೆಲವು ಪದಗಳ ಕೊನೆ ಬೇರೆಯಾಗಿತ್ತು. ಬರವಣಿಗೆ ಒಂದೇ ಇರಲಿ, ಓದುವಾಗ ಅವರವರು ಅವರವರಂತೆ ಎಳೆದುಕೊಳ್ಳಲಿ ಎಂದುಕೊಂಡೆ.

ಉಳಿದದ್ದು ಒಂದು ಸ್ವರ. ಇಕಾರಕ್ಕೂ ಉಕಾರಕ್ಕೂ ನಡುವೆ, ತುಟಿ ದುಂಡಗೆ ಮಾಡದೆ, ನಾಲಗೆಯನ್ನು ಬಾಯಿಯ ನಡುಮಧ್ಯದಲ್ಲಿ ಎತ್ತಿ ಹೇಳುವ ಸ್ವರ. ನಾನು ಒಂದೇ ರೀತಿ ಬರೆದುಕೊಂಡಿದ್ದ ಎರಡು ಪದಗಳಲ್ಲಿ ಒಂದು ಅಳುವುದಕ್ಕೆ, ಇನ್ನೊಂದು ಗೆಡ್ಡೆ ಅಗೆಯುವುದಕ್ಕೆ ಎಂದು ತಿಳಿಯಲು ಎರಡು ವಾರ ಹಿಡಿಯಿತು.

"ಅಲ್ಲ ಬುದ್ದಿ, ಅಷ್ಟು ದೊಡ್ಡ ಬಾಯೊಳಗೆ ನಾಲ್ಗೆ ನಡೂಕೆ ಕೂರಕ್ಕೆ ಜಾಗ ಇಲ್ವಾ ನಿಮ್ಗೆ?" ಎಂದು ಕೆಂಚಮ್ಮ ಗೇಲಿ ಮಾಡಿದಳು.

ಅಕ್ಷರದ ಕೆಳಗೆ ಚುಕ್ಕೆ ಇಡೋಣವೆಂದುಕೊಂಡು ಚನ್ನಪಟ್ಟಣದ ಅಚ್ಚುಕೂಟಕ್ಕೆ ಹೋದೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ರಸೂಲ್ ತಲೆಯಾಡಿಸಿದ.

"ಕೆಳಗೆ ಒತ್ತಕ್ಷರ ಬರ್ತದಲ್ಲ ಮೇಷ್ಟ್ರೇ, ಚುಕ್ಕೆ ಎಲ್ಲಿ ಕೂರಿಸ್ಲಿ? ಅದರ ತಲೆ ಮೇಲಾ? ಮೇಲ್ಗಡೆ ಗುಡಿಸು ಇರ್ತದೆ, ಅಲ್ಲೂ ಆಗಾಕಿಲ್ಲ. ಬಲಗಡೆ ಖಾಲಿ ಐತೆ, ಅಲ್ಲಿಗೆ ತನ್ನಿ." ಆಮೇಲೆ ದೀರ್ಘದ ಮೊಳೆಯೊಂದನ್ನು ಪೆಟ್ಟಿಗೆಯಿಂದ ತೆಗೆದು, ತಲೆಕೆಳಗು ಮಾಡಿ, ಗುಡಿಸಿನ ಪಕ್ಕ ಇಟ್ಟು ಒತ್ತಿ ತೋರಿಸಿದ. "ಹೊಸ ಮೊಳೆ ಎರೆಯಿಸೋ ತಾಪತ್ರಯ ಇಲ್ಲ. ಶೀರ್ಷಾಸನ ಹಾಕಿಸಿದ್ರೆ ಆಯ್ತು."

ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮರಳಿದ ದಿನ ನನಗಿದ್ದ ಸಂತೋಷ ಆಮೇಲೆ ಯಾವುದರಿಂದಲೂ ಸಿಗಲಿಲ್ಲ.

ಪ್ರತಿ ಅಕ್ಷರಕ್ಕೂ ಒಂದು ಪದ ಬೇಕಿತ್ತು. ಕನ್ನಡದ ಬಾಲಬೋಧೆಯ ಅರಸ, ಈಟಿ, ಓಲೆ ಈ ಮಕ್ಕಳಿಗೆ ಏನೂ ಅಲ್ಲ. ನನಗೆ ಹೊಳೆದದ್ದು ದೊಡ್ಡಿಯ ಜನರ ಹೆಸರು. ಎಲ್ಲ ಮಕ್ಕಳಿಗೂ ಎಲ್ಲರೂ ಗೊತ್ತು. ಹೆಸರು ಹೇಳಿದರೆ ಮುಖ ಕಾಣುತ್ತದೆ, ಮುಖದೊಡನೆ ಅಕ್ಷರ. ಆ ನಡುಸ್ವರ ತಿಳಿಯಾಗಿ ಕೇಳುತ್ತಿದ್ದುದು ಕೆಂಚಮ್ಮನ ಮೊಮ್ಮಗಳ ಹೆಸರಿನಲ್ಲಿ.

"ಜನದ ಹೆಸ್ರು ಬ್ಯಾಡ ಬುದ್ದಿ. ಮರದ ಹೆಸ್ರು ಹಾಕಿ" ಎಂದಳು ಕೆಂಚಮ್ಮ.

"ಯಾಕೆ? ಮಕ್ಕಳಿಗೆ ಇದೇ ಸುಲಭ."

ಅವಳು ಒಲೆಯ ಕಡೆ ತಿರುಗಿ ಕಡ್ಡಿಗಳನ್ನು ಒಳಗೆ ತಳ್ಳಿದಳು. ಸಂಕೋಚವೆಂದು ನಾನು ತಿಳಿದೆ. ಸ್ವರಗಳನ್ನು ಅಷ್ಟು ಕಿವಿಗೊಟ್ಟು ಕೇಳಿದವನು ಆ ಸುಮ್ಮನಿರುವಿಕೆಯನ್ನು ಕೇಳಿಸಿಕೊಳ್ಳಲಿಲ್ಲ.

ಭಾದ್ರಪದದ ಹೊತ್ತಿಗೆ ಪುಸ್ತಕ ಬಂತು. ತೆಳುವಾದದ್ದು, ನೂರು ಪ್ರತಿ. ಮಕ್ಕಳು ಒಬ್ಬೊಬ್ಬರ ಹೆಸರನ್ನೂ ಹುಡುಕಿ ಬೆರಳಿಟ್ಟು ಕಿರುಚಿ ಓದಿದರು. ಮೊಮ್ಮಗಳು ತನ್ನ ಪುಟವನ್ನು ಎಲ್ಲರಿಗೂ ತೋರಿಸಿಕೊಂಡು ಬಂದಳು. "ತಲೆಕೆಳಗಾಗಿರೋದು ನಾನು ಕಣ್ರಲಾ!" ಎಂದು ಹುಡುಗರಿಗೆ ಹೇಳಿ ಕುಣಿದಳು. ಹತ್ತಲ್ಲ, ಹದಿಮೂರು ಮಕ್ಕಳು ಓದುತ್ತಿದ್ದರು.

ಆಶ್ವಯುಜದಲ್ಲಿ ಇನ್‌ಫ್ಲುಯೆಂಜಾ ಬಂತು. ಶಾಲೆ ಮುಚ್ಚಿತು. ನಾನೂ ಮಲಗಿದೆ. ಎದ್ದು ದೊಡ್ಡಿಗೆ ಹೋಗುವ ಶಕ್ತಿ ಬಂದದ್ದು ಸಾಹೇಬರು ಓದಿಸಿ ನೋಡಲು ಗೊತ್ತುಮಾಡಿದ ದಿನವೇ. ಅವರ ಗಾಡಿಯಲ್ಲೇ ಹೋದೆ. ದೊಡ್ಡಿಯಲ್ಲಿ ಹನ್ನೊಂದು ಜನ ಇರಲಿಲ್ಲ. ಕೆಂಚಮ್ಮನ ಮೊಮ್ಮಗಳು ಇರಲಿಲ್ಲ.

ಆದರೂ ಹತ್ತು ಮಕ್ಕಳು ಪುಸ್ತಕ ಹಿಡಿದು ಸಾಲಾಗಿ ಕೂತಿದ್ದರು. ಕೆಂಚಮ್ಮನೇ ಕೂರಿಸಿದ್ದಳು. ಮೊದಲ ಪುಟವನ್ನು ಒಬ್ಬ ಹುಡುಗ ಚೆನ್ನಾಗಿ ಓದಿದ. ಎರಡನೆಯ ಪುಟಕ್ಕೆ ಬಂದು ಬಾಯಿ ಮುಚ್ಚಿದ. ಸಾಹೇಬರು ಮುಂದಿನವನಿಗೆ ಹೇಳಿದರು. ಅವನೂ ಮುಚ್ಚಿದ. ಮೂರನೆಯ ಪುಟವನ್ನು ಒಬ್ಬಳು ಓದಿದಳು, ನಾಲ್ಕನೆಯದಕ್ಕೆ ಎಲ್ಲರೂ ನೆಲ ನೋಡಿದರು. ತಲೆಕೆಳಗಿನ ಗುರುತಿನ ಪುಟ ತೆರೆದಾಗ ಒಂದು ಚಿಕ್ಕ ಹುಡುಗಿ ಅಂಗೈಯಿಂದ ಅಕ್ಷರವನ್ನು ಮುಚ್ಚಿಕೊಂಡಳು.

"ಅಕ್ಷರವೇ ಗುರುತಿಲ್ಲವಲ್ಲ ಮೇಷ್ಟ್ರೇ" ಎಂದರು ಸಾಹೇಬರು.

ಗುರುತಿದೆ ಎಂದೆ. ಏಕೆ ಓದುತ್ತಿಲ್ಲ ಎಂದು ಅವರು ಕೇಳಿದಾಗ ನಾನು ಕೆಂಚಮ್ಮನ ಕಡೆ ನೋಡಿದೆ. ಅವರು ಬೇಸರದಿಂದಲೇ ವರದಿಯಲ್ಲಿ ಎರಡು ಸಾಲು ಬರೆದು ಗಾಡಿ ಹತ್ತಿದರು. ನಾನು ಅಲ್ಲೇ ಉಳಿದೆ.

"ಸತ್ತೋರ ಹೆಸ್ರು ನಾವು ಹೇಳಾಕಿಲ್ಲ ಬುದ್ದಿ" ಎಂದಳು ಕೆಂಚಮ್ಮ. "ಕರೆದ್ರೆ ತಿರುಗಿ ನೋಡ್ತರೆ, ಮುಂದಕ್ಕೆ ಹೋಗಾಕಿಲ್ಲ. ಆ ಮನೇಲಿ ಇನ್ನೊಂದು ಮಗು ಹುಟ್ಟಿ ಅದಕ್ಕೆ ಆ ಹೆಸ್ರು ಇಕ್ಕಿದ್ ಮ್ಯಾಲೆ ಹೇಳ್ಬೋದು."

"ಅಂದು ಯಾಕೆ ಹೇಳಲಿಲ್ಲ ಅಜ್ಜೀ?"

"ಬದುಕಿರೋ ಮಕ್ಕಳ ಮುಂದೆ ಸಾವಿನ ಮಾತು ಎಂಗ್ ಆಡ್ಲಿ? ಬ್ಯಾಡ ಅಂದೆ. ನೀವು ಓದಿರೋರು, ತಿಳ್ಕತೀರ ಅಂದ್ಕಂಡೆ."

ಮರದ ಹೆಸರು ಹಾಕಿ ಮತ್ತೆ ಅಚ್ಚು ಮಾಡಿಸುತ್ತೇನೆ, ಸಾಹೇಬರ ಕಾಲು ಹಿಡಿಯುತ್ತೇನೆ ಎಂದೆ. ಅವಳು ಕೇಳಿಸಿಕೊಂಡಳು. ತಲೆಕೆಳಗಿನ ಗುರುತಿನ ಕಡೆ ಕೈ ತೋರಿದಳು.

"ಆ ಗೀಟು ಕಂಡ್ರೆ ಮಕ್ಳಿಗೆ ಅವಳೇ ಕಾಣ್ತಳೆ. ಯಾವ ಮರದ ಪಕ್ಕ ಬರೆದ್ರೂ ಅಷ್ಟೇ. ನನ್ನ ಮನೇಲಿ ಇನ್ನು ಹುಟ್ಟೋರು ಯಾರವ್ರೆ, ಆ ಹೆಸ್ರು ಬುಡುಸೋಕೆ?"

ಮನೆಮನೆಯಿಂದ ಪುಸ್ತಕಗಳನ್ನು ತರಿಸಿದಳು. ಕಟ್ಟಿಗೆ ಹೊರುವ ನಾರಿನಿಂದ ತಾನೇ ಕಟ್ಟಿದಳು. ಸುಡುವುದಿಲ್ಲವೇ ಎಂದು ಕೇಳಿದೆ.

"ಅವಳ ಹೆಸ್ರು ಅದರೊಳಗೆ ಐತಲ್ಲ ಬುದ್ದಿ, ಎಂಗ್ ಸುಡ್ಲಿ? ನಿಮ್ಮೂರಿಗೆ ತಕ್ಕೊಂಡೋಗಿ. ಅಲ್ಲಿ ಅದನ್ನ ಓದೋರು ಯಾರೂ ಇಲ್ಲ. ಅವಳು ನೆಮ್ಮದಿಯಾಗಿ ಇರ್ತಳೆ."

ಹೊರೆಯನ್ನು ನನ್ನ ಹೆಗಲಿಗೆ ಏರಿಸಿ, ನಾರು ಕೊಯ್ಯದಂತೆ ತನ್ನ ಸೆರಗಿನ ಚೂರು ಹರಿದು ಕೆಳಗೆ ಇಟ್ಟಳು. ಕಾಡಿನ ದಾರಿಯಲ್ಲಿ ನಡೆಯುತ್ತ ನನಗೆ ತಿಳಿಯಿತು: ಊರಿನಲ್ಲಿ ಅದನ್ನು ಓದಬಲ್ಲವನೊಬ್ಬ, ನಾನೇ, ಇದ್ದೇನೆ ಎಂಬುದು ಅವಳಿಗೂ ಗೊತ್ತು. ಗೊತ್ತಿದ್ದೂ ಕೊಟ್ಟಿದ್ದಳು.

ದೊಡ್ಡಿಗೆ ಶಾಲೆ ಬರಲಿಲ್ಲ. ಮಕ್ಕಳು ಮತ್ತೆ ಉಯ್ಯಂಬಳ್ಳಿಗೂ ಹೋಗಲಿಲ್ಲ. ಪುಸ್ತಕಗಳು ನನ್ನ ಕೋಣೆಯ ಅಟ್ಟದಲ್ಲಿವೆ. ಮಳೆಗಾಲ ಮುಗಿದಾಗ ಇಳಿಸಿ, ಹುಳು ಹಿಡಿಯದಂತೆ ಬಿಸಿಲಿಗೆ ಹರಡುತ್ತೇನೆ. ಪುಟಗಳು ಗಾಳಿಗೆ ತಾವಾಗಿ ತಿರುಗುತ್ತವೆ. ಅವಳ ಹೆಸರಿನ ಪುಟ ಬಂದಾಗ ನಾಲಗೆ ತಾನಾಗಿಯೇ ಬಾಯಿಯ ನಡುವೆ ಏಳುತ್ತದೆ. ಹಲ್ಲು ಕಚ್ಚಿಕೊಂಡು ಕೂರುತ್ತೇನೆ.