‘ಅಲ್ಲ’ದ ಮೇಲೆ ಇಟ್ಟ ಬೆರಳು

ಗೊತ್ತಿಲ್ಲದ ಪ್ರಶ್ನೆಗಳು ಧನುಶ್ರೀಯನ್ನು ಎಂದೂ ಕೆಡಿಸಿದವಲ್ಲ. ಅವಳನ್ನು ಮುಳುಗಿಸುತ್ತಿದ್ದದ್ದು ಚೆನ್ನಾಗಿ ಗೊತ್ತಿದ್ದವೇ. ಹೋದ ಸಲ ಗ್ರಾಮ ಆಡಳಿತಾಧಿಕಾರಿ ಹುದ್ದೆ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲವೂ ಹೋದರೆ ಮತ್ತೆ ಯಾವಾಗ ಅರ್ಜಿ ಕರೆಯುತ್ತಾರೋ ದೇವರೇ ಬಲ್ಲ.

ರಾಮನಗರದ ತರಬೇತಿ ತರಗತಿಯಲ್ಲಿ ಮುಕ್ತಿಯಾರ್ ಮೇಷ್ಟ್ರು ಅವಳ ಮಾದರಿ ಪರೀಕ್ಷೆಯನ್ನು ಮುಂದಿಟ್ಟುಕೊಂಡು ಕೂತರು. ‘ಅತಿ ಕಡಿಮೆ ಮಳೆ ಬೀಳುವ ಜಿಲ್ಲೆ’ ಎಂದು ಕೇಳಿದ್ದರೆ ಈ ಜಾಣೆ ಉಡುಪಿಗೆ ಗುರುತು ಹಾಕಿದ್ದಳು. ‘ಕಾವೇರಿಯ ಉಪನದಿ ಅಲ್ಲದ್ದು’ ಎಂದರೆ ಅರ್ಕಾವತಿಗೆ. ತನ್ನೂರು ಕೈಲಾಂಚದಿಂದ ಬರುತ್ತಾ ದಿನಾ ಬಸ್ಸಿನ ಕಿಟಕಿಯಲ್ಲಿ ನೋಡುವ, ಕಾವೇರಿಯನ್ನೇ ಸೇರುವ ನದಿ. ಪತ್ರಿಕೆಯಲ್ಲಿ ಅದರ ಹೆಸರು ಕಂಡಿದ್ದೇ ತಡ, ನೆಂಟರು ಸಿಕ್ಕಷ್ಟು ಹಿಗ್ಗಿ ಗುರುತು ಹಾಕಿಬಿಟ್ಟಿದ್ದಳು.

ಮೇಷ್ಟ್ರು ಬೈಯಲಿಲ್ಲ. “ಗೊತ್ತಿರೋದು ಕಂಡ ತಕ್ಷಣ ಓದೋದನ್ನ ನಿಲ್ಲಿಸ್ಬುಡ್ತೀಯ ಕಣಮ್ಮ,” ಎಂದರು. “ಅಲ್ಲ, ಹೊರತುಪಡಿಸಿ, ಅತಿ ಕಡಿಮೆ, ಇಂಥದ್ದು ಕಂಡ್ರೆ ಅದರ ಮೇಲೆ ಎಡಗೈ ಬೆರಳಿಡು. ಒಂದೊಂದು ಆಯ್ಕೆಗೂ ಸರಿ, ತಪ್ಪು ಅಂತ ಮನಸ್ನಲ್ಲೇ ಹೇಳ್ಕೊ. ಆಮೇಲೆ ಬೆರಳ ಹತ್ರಕ್ಕೆ ವಾಪಸ್ ಬಂದು, ಅವರು ಕೇಳಿರೋದು ಯಾವುದು ಅಂತ ನೋಡು.”

ಪರೀಕ್ಷೆ ನಡೆದದ್ದು ಚನ್ನಪಟ್ಟಣದ ಕಾಲೇಜೊಂದರಲ್ಲಿ. ಅರ್ಧ ಮುಗಿಯುವ ಹೊತ್ತಿಗೆ ರೇಷ್ಮೆ ಹುಳುವಿನ ರೋಗದ ಪ್ರಶ್ನೆ ಬಂತು. ಮೊದಲ ಆಯ್ಕೆಯೇ ಹಾಲುತೊಂಡೆ. ಹೋದ ಬೆಳೆಯಲ್ಲಿ ಅವ್ವ ಕೆಂಚಮ್ಮನ ಹುಳುಗಳನ್ನು ತಟ್ಟೆತಟ್ಟೆಯೇ ಬಲಿ ತೆಗೆದುಕೊಂಡ ಪಾಪಿ ರೋಗ ಅದು. ಧನುಶ್ರೀಯ ಪೆನ್ನು ಆಗಲೇ ಉತ್ತರ ಹಾಳೆಯ ಆ ವೃತ್ತದ ಮೇಲಿತ್ತು. ಒಮ್ಮೆ ಶಾಯಿ ತುಂಬಿದರೆ ಅಳಿಸುವಂತಿಲ್ಲ, ತಪ್ಪಾದರೆ ಇದ್ದ ಅಂಕದಲ್ಲೂ ಕಾಲು ಅಂಕ ಕಳೆಯುತ್ತಾರೆ.

ಎಡಗೈ ಬೆರಳು ಖಾಲಿ ಬಿದ್ದಿರುವುದು ಆಗ ಕಂಡಿತು. ಪೆನ್ನೆತ್ತಿ ಪ್ರಶ್ನೆಯನ್ನು ಮೊದಲಿನಿಂದ ಓದಿದಳು. ‘ಇವುಗಳಲ್ಲಿ ಯಾವುದು ರೇಷ್ಮೆ ಹುಳುವಿಗೆ ತಗಲುವ ರೋಗ ಅಲ್ಲ?’ ‘ಅಲ್ಲ’ದ ಮೇಲೆ ಬೆರಳಿಟ್ಟಳು. ಹಾಲುತೊಂಡೆ ಹುಳುವಿನ ರೋಗ, ಸರಿ. ಸಪ್ಪೆ ರೋಗ, ಸರಿ. ಸುಣ್ಣಕಟ್ಟು, ಅದೂ ಸರಿ. ಎಲೆ ತುಕ್ಕು ಹಿಪ್ಪುನೇರಳೆ ಸೊಪ್ಪಿಗೆ ಬರುವುದು, ಹುಳುವಿಗಲ್ಲ, ತಪ್ಪು. ಬೆರಳ ಹತ್ತಿರ ಮರಳಿ ಬಂದು ನೋಡಿ, ಎಲೆ ತುಕ್ಕಿನ ವೃತ್ತ ತುಂಬಿದಳು. ಮುಂದೆ ಅಂಥ ಪದ ಬಂದಲ್ಲೆಲ್ಲ ಬೆರಳಿಡುವುದನ್ನು ಮರೆಯಲಿಲ್ಲ.

ಸಂಜೆ ಪರೀಕ್ಷೆಯ ಸುದ್ದಿ ಕೇಳಿ ಅವ್ವ, “ರೇಷ್ಮೆ ಪ್ರಶ್ನೆಯಂತೂ ನಿಂಗೆ ನೀರು ಕುಡಿದಂಗೆ ಬಂದಿರ್ತದೆ ಬುಡು,” ಎಂದಳು. ಧನುಶ್ರೀ ನಕ್ಕು, “ಬರ್ತದೆ ಅಂತ್ಲೇ ಹಾಳಾಗ್ತಿತ್ತು ಕಣವ್ವ,” ಎಂದಳು.

ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಕೊನೆಯ ತುದಿಯಲ್ಲಿತ್ತು, ಆದರೆ ಇತ್ತು. ಕೆಲಸಕ್ಕೆ ಹಾಜರಾಗುವ ದಿನ ಬೆಳಗ್ಗೆ ಕೆಂಚಮ್ಮ ಹಟ್ಟಿಯಿಂದಲೇ ಕೂಗಿದಳು: “ಹುಳ ಹಸ್ಕೊಂಡವೆ, ಎಲ್ರೂ ಸೊಪ್ಪು ಕುಯ್ಯಕ್ಕೆ ಹೊರಡ್ರಿ...”

ಹಳೆಯ ಅಭ್ಯಾಸ, ಧನುಶ್ರೀಯ ಕೈ ಸೊಪ್ಪಿನ ಕುಕ್ಕೆಗೆ ಹೋಯಿತು. ಆದರೆ ಎತ್ತಲಿಲ್ಲ, ಅವ್ವನ ಮಾತು ಮುಗಿಯಲೆಂದು ತಡೆದಳು.

“...ಧನು ಒಬ್ಳನ್ನ ಬುಟ್ಟು.”

ಕುಕ್ಕೆ ಅಲ್ಲೇ ಬಿಟ್ಟು, ಅವಳು ಕಣ್ಣೊರೆಸಿಕೊಂಡು ಬಸ್ಸಿಗೆ ಹೊರಟಳು.